ಅರವತ್ತೊಂದು ಪುಟದ ಲೇಖನಕ್ಕೆ ಎರಡು ಪುಟದ ಓದು ಮಾರ್ಗದರ್ಶಿ: ಸೆಮಿನಾರಿಗೆ ಪ್ರಶ್ನೆ ಹೆಣೆಯುವ ಬಗೆ

ಸ್ನಾತಕೋತ್ತರ ಸೆಮಿನಾರಿನಲ್ಲಿ ಉದ್ದನೆಯ ಲೇಖನವೊಂದನ್ನು ಕೈಗಿತ್ತು "ಮುಂದಿನ ವಾರಕ್ಕೆ ಓದಿಕೊಂಡು ಬನ್ನಿ" ಎಂದರೆ ಏನಾಗುತ್ತದೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ವಿದ್ಯಾರ್ಥಿಗಳ ಪ್ರತಿ ತೆರೆದು ನೋಡಿ. ಮೊದಲ ಹತ್ತು ಪುಟದಲ್ಲಿ ಪೆನ್ಸಿಲ್ ಗೆರೆಗಳು ಒತ್ತಾಗಿರುತ್ತವೆ, ಇಪ್ಪತ್ತರ ಹೊತ್ತಿಗೆ ಅಲ್ಲೊಂದು ಇಲ್ಲೊಂದು, ಆಮೇಲೆ ಹಾಳೆ ಬೆಳ್ಳಗೆ. ಚರ್ಚೆಯೂ ಆ ಹತ್ತು ಪುಟದಲ್ಲೇ ಸುತ್ತುತ್ತದೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದನ್ನು ಲೇಖನ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳುವುದೇ ಓದು ಮಾರ್ಗದರ್ಶಿಯ ಕೆಲಸ. ಸಾರಾಂಶ ಕೊಡುವುದು ಅದರ ಕೆಲಸವಲ್ಲ. ಸಾರಾಂಶ ಸಿಕ್ಕವರು ಲೇಖನ ಓದುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಲೇಖನವನ್ನು ಎದುರಿಗಿಟ್ಟುಕೊಳ್ಳೋಣ. ಇಂಗ್ಲೆಂಡಿನ ಇತಿಹಾಸಕಾರ ಇ. ಪಿ. ಥಾಂಪ್ಸನ್ ಅವರ 'ದಿ ಮಾರಲ್ ಎಕಾನಮಿ ಆಫ್ ದಿ ಇಂಗ್ಲಿಷ್ ಕ್ರೌಡ್ ಇನ್ ದಿ ಏಯ್ಟೀಂತ್ ಸೆಂಚುರಿ' 1971ರ ಫೆಬ್ರವರಿಯಲ್ಲಿ 'ಪಾಸ್ಟ್ ಅಂಡ್ ಪ್ರೆಸೆಂಟ್' ಪತ್ರಿಕೆಯ 50ನೇ ಸಂಚಿಕೆಯಲ್ಲಿ ಬಂತು. 76ರಿಂದ 136ನೇ ಪುಟದವರೆಗೆ, ಅಂದರೆ ಅರವತ್ತೊಂದು ಪುಟ. ವಿಭಾಗಗಳಿಗೆ ಶೀರ್ಷಿಕೆಗಳಿಲ್ಲ, ಬರೀ ಅಂಕಿಗಳಿವೆ. ಅಡಿಟಿಪ್ಪಣಿಗಳು ಹಾಳೆಯ ಕೆಳಭಾಗವನ್ನು ಆಗಾಗ ನುಂಗಿಬಿಡುತ್ತವೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ಏರಿದಾಗ ಜನ ಎಬ್ಬಿಸಿದ ದಂಗೆಗಳು ಅದರ ವಸ್ತು. ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಮೂರೂ ವಿಭಾಗಗಳ ಪಠ್ಯಪಟ್ಟಿಗೆ ಇದು ಒಗ್ಗುತ್ತದೆ. ನಮ್ಮಲ್ಲಿ ಕನ್ನಡದಲ್ಲಿ ಚರ್ಚಿಸಿ ಇಂಗ್ಲಿಷಿನಲ್ಲಿ ಓದುವ ತರಗತಿಗಳಿಗೆ ಇದರ ವ್ಯಂಗ್ಯ ತುಂಬಿದ ಗದ್ಯ ಸುಲಭದ ತುತ್ತಲ್ಲ. ಮಾರ್ಗದರ್ಶಿ ಬೇಕಾಗುವುದು ಇಂಥ ಕಡೆಯೇ.

ಮೊದಲು ನೀವು ಎರಡು ಸಲ ಓದಿ

ಒಂದನೇ ಓದು ಪೆನ್ನಿಲ್ಲದೆ, ಸಾಧ್ಯವಾದರೆ ಒಂದೇ ಕೂತಿನಲ್ಲಿ ಆಗಲಿ. ಎಲ್ಲಿ ನಿಮಗೇ ಬೇಸರವಾಯಿತು, ಎಲ್ಲಿ ಹಿಂದಿನ ಪುಟಕ್ಕೆ ಮರಳಬೇಕಾಯಿತು ಎಂಬುದನ್ನು ಮಾತ್ರ ಗಮನಿಸಿ. ವಿದ್ಯಾರ್ಥಿಗಳು ಎಡವುವ ಜಾಗಗಳ ಮೊದಲ ನಕ್ಷೆ ಅದೇ.

ಎರಡನೇ ಓದು ನಿಧಾನದ್ದು. ಪ್ರತಿ ಪ್ಯಾರಾದ ಪಕ್ಕ ನಾಲ್ಕೈದು ಪದದ ಒಂದು ಸಾಲು ಬರೆಯುತ್ತಾ ಹೋಗಿ. ಆ ಸಾಲು ಪ್ಯಾರಾ ಏನು ಹೇಳುತ್ತದೆ ಎಂಬುದನ್ನಲ್ಲ, ವಾದದಲ್ಲಿ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಈ ವ್ಯತ್ಯಾಸದ ಮೇಲೆ ಮುಂದಿನ ಎಲ್ಲ ಕೆಲಸ ನಿಂತಿದೆ. ಥಾಂಪ್ಸನ್ ಅವರ ಮೊದಲ ಪುಟಗಳನ್ನೇ ನೋಡಿ. 'ಮಾಬ್' ಎಂಬ ಪದವನ್ನು ಸಡಿಲವಾಗಿ ಬಳಸಬೇಡಿ ಎಂದು ಇತಿಹಾಸಕಾರ ಜಾರ್ಜ್ ರೂಡೆ ಮತ್ತಿತರರು ಎಚ್ಚರಿಸಿದ್ದಾರೆ, ಆ ಎಚ್ಚರಿಕೆಯನ್ನು 'ರಯಟ್' ಎಂಬ ಪದಕ್ಕೂ ವಿಸ್ತರಿಸುತ್ತೇನೆ ಎಂದು ಅವರು ಶುರು ಮಾಡುತ್ತಾರೆ. ಹಸಿವಾದಾಗ ಜನ ಸೆಳೆತ ಬಂದವರಂತೆ ಎದ್ದು ಬೀಳುತ್ತಾರೆ ಎಂಬ ಇತಿಹಾಸ ದೃಷ್ಟಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ನಿರುದ್ಯೋಗ ಮತ್ತು ಆಹಾರದ ಬೆಲೆಗಳನ್ನು ಸೇರಿಸಿ ಅರ್ಥಶಾಸ್ತ್ರಜ್ಞ ರೋಸ್ಟೋ ತಯಾರಿಸಿದ 'ಸಾಮಾಜಿಕ ಒತ್ತಡದ ನಕ್ಷೆ' ಇಲ್ಲಿ ಗೇಲಿಗೊಳಗಾಗುತ್ತದೆ. ಆಮೇಲೆ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪದ ಜನರ ಬದುಕಿನ ಸೂಕ್ಷ್ಮ ಕಟ್ಟಳೆಗಳನ್ನೆಲ್ಲ ಬಲ್ಲ ನಾವು ಇಂಗ್ಲೆಂಡಿನ ಬಡವನನ್ನು ಬರೀ ಹೊಟ್ಟೆಯಾಗಿ ನೋಡುತ್ತೇವೆ ಎಂಬ ಮಾತು ಬರುತ್ತದೆ. ಈ ಭಾಗಕ್ಕೆ ಪಕ್ಕಟಿಪ್ಪಣಿ ಹೀಗಿರಬಹುದು: "ಪದವೊಂದನ್ನು ಅನುಮಾನಿಸುತ್ತಾರೆ", "ಎದುರಾಳಿಯ ಹೆಸರು ಹೇಳುತ್ತಾರೆ", "ಎದುರಾಳಿಯ ವಾದ ಎಲ್ಲಿ ನಿಂತುಹೋಗುತ್ತದೆಂದು ತೋರಿಸುತ್ತಾರೆ", "ಹೋಲಿಕೆಯಿಂದ ಚುಚ್ಚುತ್ತಾರೆ". ಇದರ ಬದಲು "ರೋಸ್ಟೋ ನಕ್ಷೆಯ ಬಗ್ಗೆ" ಎಂದು ಬರೆದಿಟ್ಟರೆ ಅದರಿಂದ ಹುಟ್ಟುವ ಪ್ರಶ್ನೆ "ರೋಸ್ಟೋ ಅವರ ನಕ್ಷೆ ಯಾವುದು?" ಎಂಬ ಪರೀಕ್ಷೆಯ ಒಂದಂಕದ ಪ್ರಶ್ನೆ. "ವಾದ ಎಲ್ಲಿ ನಿಂತುಹೋಗುತ್ತದೆ" ಎಂದು ಬರೆದಿದ್ದರೆ ಹುಟ್ಟುವ ಪ್ರಶ್ನೆಯೇ ಬೇರೆ.

ವಾದ ತಿರುಗುವ ಜಾಗಗಳನ್ನು ಹುಡುಕಿ

ಪಕ್ಕಟಿಪ್ಪಣಿಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ ಮೇಲಿನಿಂದ ಕೆಳಗೆ ಓದಿ. ಹೆಚ್ಚಿನ ಸಾಲುಗಳು "ಇನ್ನೊಂದು ಉದಾಹರಣೆ", "ಮತ್ತೊಂದು ಊರು" ಎಂದೇ ಇರುತ್ತವೆ. ವಾದ ನಿಜವಾಗಿ ಹೊರಳುವುದು ನಾಲ್ಕೈದು ಕಡೆ ಮಾತ್ರ. ಈ ಲೇಖನದಲ್ಲಿ ನಾನು ಗುರುತು ಹಾಕುವುದು ನಾಲ್ಕು.

ಮೊದಲನೆಯದು 79ನೇ ಪುಟದ ಸುತ್ತಮುತ್ತ, 'ನೈತಿಕ ಆರ್ಥಿಕತೆ'ಯ ವ್ಯಾಖ್ಯೆ ಬರುವಲ್ಲಿ. ಬೆಲೆ ಏರಿದ್ದರಿಂದ, ವ್ಯಾಪಾರಿಗಳ ಅಕ್ರಮದಿಂದ, ಹಸಿವಿನಿಂದ ದಂಗೆಗಳಿಗೆ ಕಿಡಿ ಹತ್ತಿದ್ದು ನಿಜ ಎಂದು ಥಾಂಪ್ಸನ್ ಒಪ್ಪುತ್ತಾರೆ. ಆದರೆ ಮಾರುವುದು, ಬೀಸುವುದು, ರೊಟ್ಟಿ ಸುಡುವುದು ಇವುಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂಬ ಬಗ್ಗೆ ಜನರಲ್ಲಿ ಒಂದು ಒಮ್ಮತವಿತ್ತು, ಆ ದೂರುಗಳು ಅದರೊಳಗೆ ಕೆಲಸ ಮಾಡಿದವು ಎನ್ನುತ್ತಾರೆ. ಎರಡನೆಯದು, ಆ ಒಮ್ಮತ ಬಂದದ್ದು ಬಡವರಿಗೆ ಧಾನ್ಯ ಸಿಗುವಂತೆ ಸಂತೆಯನ್ನು ನಿಯಂತ್ರಿಸಬೇಕು ಎನ್ನುವ ಆಳುವವರ ಹಳೆಯ ಪೋಷಕ ಮಾದರಿಯಿಂದಲೇ ಎಂದು ತೋರಿಸುವ ಭಾಗ. ಮೂರನೆಯದು, ಗುಂಪು ಲೂಟಿ ಮಾಡುವುದಕ್ಕಿಂತ ಹೆಚ್ಚಾಗಿ ಬೆಲೆ ನಿಗದಿ ಮಾಡುತ್ತದೆ ಎಂಬ ಭಾಗ. ನಾಲ್ಕನೆಯದು ಕೊನೆಯತ್ತ, ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಿ ಎನ್ನುವ ಹೊಸ ಅರ್ಥಶಾಸ್ತ್ರದ ಎದುರು ಈ ಲೋಕ ಕುಸಿಯುವ ಭಾಗ.

ಲೇಖಕರ ವಿಭಾಗಗಳನ್ನೇ ಮಾರ್ಗದರ್ಶಿಯ ವಿಭಾಗಗಳನ್ನಾಗಿ ಮಾಡಬೇಕೆಂದಿಲ್ಲ. ಈ ನಾಲ್ಕು ತಿರುವುಗಳಿಗೆ ನಾಲ್ಕು ಹಂತ ಮಾಡಿ. ಪ್ರತಿ ಹಂತಕ್ಕೂ ನಿಮ್ಮ ಪ್ರತಿಯ ಪುಟಸಂಖ್ಯೆ ಬರೆಯಿರಿ. ಇಲ್ಲೊಂದು ಸಣ್ಣ ಅಪಾಯವಿದೆ. ಈ ಲೇಖನ 1991ರಲ್ಲಿ ಥಾಂಪ್ಸನ್ ಅವರ 'ಕಸ್ಟಮ್ಸ್ ಇನ್ ಕಾಮನ್' ಪುಸ್ತಕದಲ್ಲಿ ಮರುಮುದ್ರಣವಾಯಿತು. ಅದರ ಪುಟಸಂಖ್ಯೆ ಬೇರೆ. ತರಗತಿಯಲ್ಲಿ ಅರ್ಧ ಜನ ಪತ್ರಿಕೆಯ ಪ್ರತಿ, ಉಳಿದವರು ಪುಸ್ತಕದ ಪ್ರತಿ ಹಿಡಿದು ಬಂದರೆ ಮೊದಲ ಕಾಲು ಗಂಟೆ ಪುಟ ಹುಡುಕುವುದಕ್ಕೇ ಹೋಗುತ್ತದೆ. ಯಾವ ಪ್ರತಿ ಎಂದು ಮಾರ್ಗದರ್ಶಿಯ ಮೊದಲ ಸಾಲಿನಲ್ಲೇ ಬರೆದುಬಿಡಿ.

ಹಿನ್ನೆಲೆ ಟಿಪ್ಪಣಿ: ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು

ಲೇಖಕ ಯಾರು, ಯಾವ ಪಂಥ, ಯಾವ ಪ್ರಶಸ್ತಿ ಎಂದು ಮುಕ್ಕಾಲು ಪುಟ ಬರೆಯುವ ಚಟ ನಮ್ಮಲ್ಲಿ ಬಹಳ. ಬಿಟ್ಟುಬಿಡಿ. ಯಾವ ಮಾಹಿತಿಯಿಲ್ಲದೆ ಪುಟ ಅರ್ಥವೇ ಆಗುವುದಿಲ್ಲವೋ ಅದಷ್ಟನ್ನೇ ಕೊಡಿ. ಇಲ್ಲಿ ಅಂಥವು ಮೂರು.

ಒಂದು, ಪರಿಭಾಷೆ. ಲೇಖನದುದ್ದಕ್ಕೂ ಮೂರು ಅಪರಾಧಗಳ ಹೆಸರು ಬರುತ್ತದೆ. ಫೋರ್‌ಸ್ಟಾಲಿಂಗ್ ಎಂದರೆ ಮಾಲು ಸಂತೆ ತಲುಪುವ ಮೊದಲೇ ದಾರಿಯಲ್ಲಿ ಕೊಂಡುಬಿಡುವುದು. ಎನ್‌ಗ್ರೋಸಿಂಗ್ ಎಂದರೆ ಬೆಲೆ ಏರಲೆಂದು ಸಗಟಾಗಿ ಕೊಂಡು ದಾಸ್ತಾನು ಮಾಡುವುದು. ರಿಗ್ರೇಟಿಂಗ್ ಎಂದರೆ ಸಂತೆಯಲ್ಲಿ ಕೊಂಡದ್ದನ್ನು ಅದೇ ಸಂತೆಯಲ್ಲೋ ಪಕ್ಕದ ಸಂತೆಯಲ್ಲೋ ಲಾಭಕ್ಕೆ ಮಾರುವುದು. ಮೂರು ಸಾಲು ಸಾಕು. ಎರಡು, ಕಾನೂನಿನ ಒಂದು ಸಂಗತಿ: ಇವುಗಳ ವಿರುದ್ಧದ ಶಾಸನಗಳನ್ನು ಸಂಸತ್ತು 1772ರಲ್ಲಿ ರದ್ದುಪಡಿಸಿತು. ಮೂರು, ಇಸವಿಗಳ ಒಂದು ಸಾಲು. 1740, 1756-57, 1766, 1795 ಮತ್ತು 1800-01 ದಂಗೆಗಳು ಹೆಚ್ಚಾದ ವರ್ಷಗಳು. ಆಡಮ್ ಸ್ಮಿತ್ ಅವರ 'ವೆಲ್ತ್ ಆಫ್ ನೇಷನ್ಸ್' ಬಂದದ್ದು 1776ರಲ್ಲಿ. ಇಸವಿಗಳ ಪಟ್ಟಿ ಕಣ್ಣೆದುರಿಗಿದ್ದರೆ ಚುರುಕು ವಿದ್ಯಾರ್ಥಿಗೆ ತಾನಾಗಿಯೇ ಒಂದು ಅನುಮಾನ ಹುಟ್ಟುತ್ತದೆ: ಕಾನೂನು ಹೋದ ಮೇಲೂ ಜನ ಯಾವ ಕಾನೂನನ್ನು ನೆಚ್ಚಿಕೊಂಡು ದಂಗೆ ಎದ್ದರು? ಆ ಅನುಮಾನವನ್ನು ನೀವು ಬರೆದು ಕೊಡಬೇಡಿ, ಅವರೇ ಕಂಡುಕೊಳ್ಳಲಿ. ಕಾಣದಿದ್ದರೆ ತರಗತಿಯಲ್ಲಿ ಕೇಳಲು ನಿಮ್ಮ ಜೇಬಿನಲ್ಲಿ ಒಂದು ಪ್ರಶ್ನೆ ಉಳಿದ ಹಾಗಾಯಿತು.

ಪ್ರಶ್ನೆಯನ್ನು ತಿದ್ದುವುದು

ಮಾರ್ಗದರ್ಶಿಯ ಜೀವ ಇರುವುದು ಇಲ್ಲಿ. ಮೊದಲ ಪ್ರಯತ್ನದಲ್ಲಿ ಹೊರಬರುವ ಪ್ರಶ್ನೆಗಳು ಸಾಮಾನ್ಯವಾಗಿ ಕೆಟ್ಟವೇ ಆಗಿರುತ್ತವೆ; ಅವುಗಳನ್ನು ತಿದ್ದುವುದೇ ಕೆಲಸ. ಪ್ರತಿ ಪ್ರಶ್ನೆಯನ್ನೂ ಎರಡು ರೀತಿ ಪರೀಕ್ಷಿಸಿ. ಲೇಖನದ ಬಗ್ಗೆ ಯಾರೋ ಬರೆದ ಟಿಪ್ಪಣಿ ಓದಿದವನು ಇದಕ್ಕೆ ಉತ್ತರಿಸಬಲ್ಲನೇ? ಹೌದಾದರೆ ಆ ಪ್ರಶ್ನೆ ಬೇಡ. ಲೇಖನವನ್ನೇ ಓದದವನು ತನ್ನ ಅಭಿಪ್ರಾಯ ಹೇಳಿ ಪಾರಾಗಬಲ್ಲನೇ? ಹೌದಾದರೆ ಅದೂ ಬೇಡ.

ವ್ಯಾಖ್ಯೆಯ ಭಾಗ ತೆಗೆದುಕೊಳ್ಳಿ. ಮೊದಲು ಬರುವ ಪ್ರಶ್ನೆ ಇದು:

*ನೈತಿಕ ಆರ್ಥಿಕತೆ ಎಂದರೇನು?*

ಮೊದಲ ಪರೀಕ್ಷೆಯಲ್ಲೇ ಇದು ಬೀಳುತ್ತದೆ. ಹತ್ತು ಜನರೂ ಒಂದೇ ವಾಕ್ಯವನ್ನು ನಕಲು ಮಾಡಿ ತರುತ್ತಾರೆ. ಇನ್ನೊಂದು ಬರುತ್ತದೆ:

*ಬಡವರಿಗೆ ತಮ್ಮದೇ ನೈತಿಕತೆ ಇರುತ್ತದೆ ಎಂಬುದನ್ನು ನೀವು ಒಪ್ಪುವಿರಾ?*

ಇದು ಎರಡನೇ ಪರೀಕ್ಷೆಯಲ್ಲಿ ಬೀಳುತ್ತದೆ. ಮಾತು ಬಿಸಿಯೇರುತ್ತದೆ, ಲೇಖನ ಮಾತ್ರ ಮುಚ್ಚಿಯೇ ಇರುತ್ತದೆ. ತಿದ್ದಿದ ಮೇಲೆ ಹೀಗಾಗಬಹುದು:

*79ನೇ ಪುಟದ ವ್ಯಾಖ್ಯೆಯನ್ನು ಎರಡು ಸಲ ಓದಿ. ಅದಕ್ಕೆ ಸ್ವಲ್ಪ ಮೊದಲು ಥಾಂಪ್ಸನ್ ಹಸಿವು ಮತ್ತು ಬೆಲೆಯೇರಿಕೆಯ ಪಾತ್ರವನ್ನು ಒಪ್ಪಿಕೊಂಡಿದ್ದಾರೆ. ಹಾಗಿದ್ದರೆ ಅವರು ತಿರಸ್ಕರಿಸುತ್ತಿರುವುದು ಏನನ್ನು? ಹಸಿವು ಕಾರಣ ಎಂಬುದನ್ನೇ, ಅಥವಾ ಹಸಿವನ್ನು ಹೇಳಿದರೆ ವಿವರಣೆ ಮುಗಿಯಿತು ಎಂಬುದನ್ನೇ? ನಿಮ್ಮ ಉತ್ತರಕ್ಕೆ ಆಧಾರವಾದ ವಾಕ್ಯವನ್ನು ಗುರುತಿಸಿ ತನ್ನಿ.*

ಈ ಪ್ರಶ್ನೆ ಒಂದು ಖಚಿತವಾದ ತಪ್ಪು ಓದನ್ನು ಗುರಿಯಾಗಿಟ್ಟುಕೊಂಡಿದೆ. "ಜನ ಹಸಿವಿನಿಂದ ದಂಗೆ ಏಳಲಿಲ್ಲ, ನೀತಿಗಾಗಿ ಎದ್ದರು ಎಂದು ಥಾಂಪ್ಸನ್ ಹೇಳುತ್ತಾರೆ" ಎಂಬುದು ಈ ಲೇಖನದ ಬಗ್ಗೆ ಕೇಳಿಬರುವ ಮಾಮೂಲು ಅಪಾರ್ಥ. ಥಾಂಪ್ಸನ್ ಕೇಳುವುದು, ಹಸಿದಾಗ ಜನ ಏನು ಮಾಡುತ್ತಾರೆ, ರೂಢಿ, ಸಂಸ್ಕೃತಿ, ವಿವೇಚನೆಗಳು ಆ ನಡೆಯನ್ನು ಹೇಗೆ ತಿದ್ದುತ್ತವೆ ಎಂದು. ತಪ್ಪು ಓದು ಯಾವುದಾಗಬಹುದು ಎಂದು ಮೊದಲೇ ಊಹಿಸಿ ಅದರ ಎದುರಿಗೆ ಪ್ರಶ್ನೆಯನ್ನು ನಿಲ್ಲಿಸುವುದು ನನಗೆ ಗೊತ್ತಿರುವ ಅತ್ಯಂತ ಉಪಯುಕ್ತ ಉಪಾಯ.

ಎರಡನೇ ತಿರುವಿನ ತಪ್ಪು ಓದು ಬೇರೆ ಥರದ್ದು. ಪೋಷಕ ಮಾದರಿಯಲ್ಲಿ ಸಂತೆ ಹೇಗೆ ನಡೆಯಬೇಕಿತ್ತು ಎಂದು ಲೇಖನ ವಿವರವಾಗಿ ಹೇಳುತ್ತದೆ. ರೈತ ಧಾನ್ಯವನ್ನು ಮೂಟೆಗಳಲ್ಲೇ ಸ್ಥಳೀಯ ಸಂತೆಗೆ ತರಬೇಕು. ಹೊಲದಲ್ಲಿ ನಿಂತ ಪೈರನ್ನು ಮಾರುವಂತಿಲ್ಲ, ಬೆಲೆ ಏರಲಿ ಎಂದು ತಡೆಹಿಡಿಯುವಂತಿಲ್ಲ. ಗಂಟೆ ಬಾರಿಸಿದ ಮೇಲೆ ಮೊದಲು ಬಡವರು ಸಣ್ಣ ಪ್ರಮಾಣದಲ್ಲಿ ಕೊಳ್ಳಬೇಕು. ಅವರದ್ದು ಮುಗಿದ ನಂತರ ಎರಡನೇ ಗಂಟೆ, ಆಮೇಲಷ್ಟೇ ಪರವಾನಗಿ ಪಡೆದ ದೊಡ್ಡ ವ್ಯಾಪಾರಿಗಳ ಸರದಿ. ಚಿತ್ರ ಇಷ್ಟು ಸೊಗಸಾಗಿರುವುದರಿಂದ ವಿದ್ಯಾರ್ಥಿಗಳು ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಸಂತೆಗಳು ಹೀಗೆಯೇ ನಡೆಯುತ್ತಿದ್ದವು ಎಂದುಕೊಂಡುಬಿಡುತ್ತಾರೆ. ಆದರೆ ಈ ಮಾದರಿ ಹೆಚ್ಚಾಗಿ ಆದರ್ಶವಾಗಿತ್ತು, ವಾಸ್ತವದಲ್ಲಿ ಚೂರುಪಾರು ಮಾತ್ರ ಉಳಿದಿತ್ತು ಎಂದು ಲೇಖನವೇ ಹೇಳುತ್ತದೆ. ಒಳ್ಳೆಯ ಬೆಳೆಯ ವರ್ಷಗಳಲ್ಲಿ ಅಧಿಕಾರಿಗಳು ಅದನ್ನು ಮರೆಯುತ್ತಿದ್ದರು, ಅಭಾವ ಬಂದಾಗ ಧೂಳು ಕೊಡವಿ ಹೊರತೆಗೆಯುತ್ತಿದ್ದರು. ಆದ್ದರಿಂದ ಪ್ರಶ್ನೆ:

*ಸಂತೆಯ ವಿವರಣೆಯಲ್ಲಿ "ಹೀಗೆ ನಡೆಯಬೇಕಿತ್ತು" ಎನ್ನುವ ವಾಕ್ಯಗಳನ್ನೂ "ಹೀಗೆ ನಡೆಯಿತು" ಎನ್ನುವ ವಾಕ್ಯಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಪೂರ್ತಿಯಾಗಿ ಜಾರಿಯಲ್ಲಿಲ್ಲದ ಮಾದರಿಯಿಂದ ಗುಂಪಿಗೆ ನ್ಯಾಯಬದ್ಧತೆ ಹೇಗೆ ಸಿಕ್ಕಿತು?*

ಬಣ್ಣ ಹಚ್ಚುವ ಕೆಲಸ ಬಾಲಿಶ ಎನಿಸಬಹುದು. ಆದರೆ ಇಂಗ್ಲಿಷ್ ಓದು ಕಷ್ಟವಾಗುವವರಿಗೆ ಇದು ಕೈಹಿಡಿಯುವ ಆಸರೆ. ಅರ್ಧ ವಾಕ್ಯ ಬಿಟ್ಟುಹೋದರೂ ಕ್ರಿಯಾಪದದ ರೂಪ ನೋಡಿ ಗುರುತು ಹಾಕಬಹುದು, ಹಾಕುತ್ತಾ ಹೋದಂತೆ ವಾದ ಕಾಣುತ್ತದೆ.

ಒಂದು ಪುರಾವೆಯನ್ನು ಹತ್ತಿರದಿಂದ ನೋಡಿಸಿ

ಉದ್ದನೆಯ ಲೇಖನದಲ್ಲಿ ಪುರಾವೆಗಳ ಪ್ರವಾಹವಿರುತ್ತದೆ. ಎಲ್ಲವನ್ನೂ ಓದಿಸಲು ಹೋದರೆ ಯಾವುದೂ ಉಳಿಯದು. ಒಂದನ್ನು ಆರಿಸಿ, ಅದನ್ನು ಹಿಂಡಿ. ಮೂರನೇ ತಿರುವಿಗೆ ನನ್ನ ಆಯ್ಕೆ ಹಾನಿಟನ್ ಊರಿನದು. 1766ರಲ್ಲಿ ಅಲ್ಲಿನ ಲೇಸ್ ಹೆಣೆಯುವ ಕೆಲಸಗಾರರು ರೈತರ ಬಳಿಯಿಂದ ಧಾನ್ಯ ಎತ್ತಿಕೊಂಡು ಹೋಗಿ, ಜನ ನ್ಯಾಯವೆಂದು ಬಗೆದ ಬೆಲೆಗೆ ಸಂತೆಯಲ್ಲಿ ಮಾರಿದರು. ಬಂದ ಹಣವನ್ನು ರೈತರಿಗೆ ತಂದುಕೊಟ್ಟರು. ಹಣದ ಜೊತೆ ಖಾಲಿ ಚೀಲಗಳನ್ನೂ ಹಿಂತಿರುಗಿಸಿದರು.

ವಾದಕ್ಕೆ ಹೇಳಿ ಮಾಡಿಸಿದಂಥ ಘಟನೆ ಇದು. ಅದಕ್ಕೇ ಇದರ ಮೇಲೆ ಅನುಮಾನದ ಪ್ರಶ್ನೆಯನ್ನೂ ಹಾಕಬೇಕು. ಚೀಲ ಹಿಂತಿರುಗಿಸಿದ್ದು ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ? ಈ ವಿಷಯ ಥಾಂಪ್ಸನ್ ಅವರಿಗೆ ಯಾವ ಬಗೆಯ ದಾಖಲೆಯಿಂದ ಸಿಕ್ಕಿದೆ ಎಂದು ಅಡಿಟಿಪ್ಪಣಿ ನೋಡಿ. ಅದನ್ನು ಬರೆದವರು ಗುಂಪಿನವರೇ, ಗುಂಪನ್ನು ಕಂಡವರೇ, ಗುಂಪಿಗೆ ಹೆದರಿದವರೇ? ಇದೇ ಭಾಗದಲ್ಲಿ ಗುಂಪು ಇಷ್ಟು ಶಿಸ್ತಿನಿಂದ ನಡೆದುಕೊಳ್ಳದ ಇನ್ನೊಂದು ಘಟನೆ ಹುಡುಕಿ, ಥಾಂಪ್ಸನ್ ಅದನ್ನು ಹೇಗೆ ನಿಭಾಯಿಸುತ್ತಾರೆ ಎಂದು ನೋಡಿ. ಹೀಗೆ ಒಂದು ಘಟನೆಯ ಮೇಲೆ ಮೂರು ಪ್ರಶ್ನೆ ಬೀಳುವುದರಿಂದ ಸಂಶೋಧನೆ ಮಾಡಹೊರಟವರಿಗೆ ಅಡಿಟಿಪ್ಪಣಿ ಓದುವ ಅಭ್ಯಾಸವೂ ಆಗುತ್ತದೆ. ಎಲ್ಲ ಅಡಿಟಿಪ್ಪಣಿ ಓದಿ ಎಂದರೆ ಯಾರೂ ಓದುವುದಿಲ್ಲ. ಇದೊಂದನ್ನು ಓದಿ ಎಂದರೆ ಓದುತ್ತಾರೆ.

ಎಲ್ಲಿ ಓಡಬಹುದು ಎಂಬುದನ್ನೂ ಬರೆಯಿರಿ

ಧೈರ್ಯ ಬೇಕಾದ ಹಂತ ಇದು. "ಈ ಪುಟಗಳನ್ನು ಬೇಗ ಓದಿದರೆ ಸಾಕು" ಎಂದು ಬರೆಯಲು ಮೇಷ್ಟ್ರುಗಳ ಕೈ ನಡುಗುತ್ತದೆ. ಬರೆಯದಿದ್ದರೂ ಅವರು ಓಡಿಯೇ ಓಡುತ್ತಾರೆ, ಓಡಬಾರದ ಕಡೆ. ಗಿರಣಿಯವರ ಮತ್ತು ರೊಟ್ಟಿ ಸುಡುವವರ ವಹಿವಾಟಿನ ಸೂಕ್ಷ್ಮಗಳಿರುವ ಪುಟಗಳನ್ನು ಒಮ್ಮೆ ಕಣ್ಣಾಡಿಸಿ ಮುಂದೆ ಹೋಗಲು ಬಿಡುತ್ತೇನೆ. ಅದರ ಬದಲು, ಅಡ್ಡದಾರಿಯಂತೆ ಕಾಣುವ ರೊಟ್ಟಿಯ ಬಣ್ಣದ ಚರ್ಚೆಯಲ್ಲಿ ನಿಲ್ಲಿ ಎನ್ನುತ್ತೇನೆ. ಅಭಾವದ ದಿನಗಳಲ್ಲಿ ಗಿರಣಿಗಳು ಬಿಳಿ ಹಿಟ್ಟು ಮಾಡದಂತೆ ತಡೆಯುವ ಶಾಸನ ಬಂತು. ಜನ ಅದನ್ನು 'ವಿಷದ ಕಾಯಿದೆ' ಎಂದು ಕರೆದರು. 1801ರಲ್ಲಿ ಸಸೆಕ್ಸ್‌ನ ಹಾರ್ಶಮ್ ಬಳಿ ಹೆಂಗಸರು ಗಾಳಿಗಿರಣಿಗೆ ನುಗ್ಗಿ ಹಿಟ್ಟು ಸೋಸುವ ಬಟ್ಟೆಯನ್ನು ಕತ್ತರಿಸಿ ಹಾಕಿದರು. ಶಾಸನ ಎರಡು ತಿಂಗಳೂ ಬಾಳಲಿಲ್ಲ. ಹೊಟ್ಟೆ ತುಂಬುವುದಷ್ಟೇ ವಿಷಯವಾಗಿದ್ದರೆ ಕಂದು ರೊಟ್ಟಿಗೆ ಇಷ್ಟು ರಂಪವೇಕೆ ಎಂಬ ಪ್ರಶ್ನೆ ಮೊದಲ ತಿರುವಿನ ವಾದಕ್ಕೆ ನೇರವಾಗಿ ಮರಳುತ್ತದೆ.

ಪ್ರಶ್ನೆಗಳನ್ನು ಎರಡು ರಾಶಿ ಮಾಡಿ

ಈ ಹೊತ್ತಿಗೆ ನಿಮ್ಮ ಬಳಿ ಹದಿನೈದಿಪ್ಪತ್ತು ಪ್ರಶ್ನೆಗಳಿರುತ್ತವೆ. ಎರಡು ಗಂಟೆಯ ಸೆಮಿನಾರಿಗೆ ಮನೆಯಲ್ಲಿ ಓದುವಾಗ ಐದು, ತರಗತಿಯಲ್ಲಿ ಚರ್ಚಿಸಲು ಮೂರು, ಇಷ್ಟೇ ಹಿಡಿಸುತ್ತದೆ. ಪುಟಕ್ಕೆ ಕಣ್ಣು ನೆಡಿಸುವ ಪ್ರಶ್ನೆಗಳು ಮನೆಯ ರಾಶಿಗೆ: ವ್ಯಾಖ್ಯೆ, ಬಣ್ಣ ಹಚ್ಚುವುದು, ಹಾನಿಟನ್, ಅಡಿಟಿಪ್ಪಣಿ, ಕಂದು ರೊಟ್ಟಿ. ಒಬ್ಬರ ಉತ್ತರ ಇನ್ನೊಬ್ಬರದಕ್ಕಿಂತ ಬೇರೆಯಾಗಲೇಬೇಕಾದವು ತರಗತಿಯ ರಾಶಿಗೆ. ತರಗತಿಯ ಪ್ರಶ್ನೆಗಳನ್ನು ಮೊದಲೇ ಹಂಚಬೇಡಿ. ಹಂಚಿದರೆ ಬರೆದುಕೊಂಡು ಬಂದು ಓದುತ್ತಾರೆ, ಯಾರೂ ಯಾರ ಮಾತಿಗೂ ಕಿವಿಗೊಡುವುದಿಲ್ಲ.

ತರಗತಿಯ ಮೂರರಲ್ಲಿ ಒಂದು ಲೇಖಕರ ಜೊತೆ ಜಗಳವಾಡುವಂಥದ್ದಿರಲಿ. ಸ್ಮಿತ್ ಅವರ ಸ್ವಯಂಚಾಲಿತ ಮಾರುಕಟ್ಟೆಯೂ ಪೋಷಕ ಮಾದರಿಯಷ್ಟೇ ಒಂದು ಮೂಢನಂಬಿಕೆ ಎಂದು ಥಾಂಪ್ಸನ್ ಹೇಳುತ್ತಾರೆ. ಇದನ್ನು ಅವರು ಸಾಧಿಸಿದ್ದಾರೆಯೇ, ಹೇಳಿ ಬಿಟ್ಟಿದ್ದಾರೆಯೇ? ಎ. ಡಬ್ಲ್ಯೂ. ಕೋಟ್ಸ್ 1972ರಲ್ಲೇ ಇದೇ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರ ಪರವಾಗಿ ತಕರಾರು ಎತ್ತಿದರು. ಟೀಕಾಕಾರರಿಗೆ ಥಾಂಪ್ಸನ್ ದೀರ್ಘವಾಗಿ ಉತ್ತರಿಸಿದ್ದು 1991ರಲ್ಲಿ. ಇವನ್ನು ಓದಿಸುವ ಅಗತ್ಯವಿಲ್ಲ. ಜಗಳಕ್ಕೆ ಜಾಗವಿದೆ ಎಂದು ಗೊತ್ತಾದರೆ ಸಾಕು, ಇಲ್ಲದಿದ್ದರೆ ಇಂಥ ಪ್ರಸಿದ್ಧ ಲೇಖನದ ಎದುರು ವಿದ್ಯಾರ್ಥಿಗಳು ಕೈಕಟ್ಟಿ ನಿಂತುಬಿಡುತ್ತಾರೆ.

ಇನ್ನೊಂದು, ಲೇಖನವನ್ನು ಅದರ ನೆಲದಿಂದ ಹೊರಗೆ ತರುವ ಪ್ರಶ್ನೆ. ಇಲ್ಲಿ ಎಚ್ಚರ ಬೇಕು. "ಇಂದಿನ ಭಾರತಕ್ಕೆ ಇದರ ಪ್ರಸ್ತುತತೆ ಏನು?" ಎಂದು ಕೇಳಿದರೆ ಪಡಿತರ ವ್ಯವಸ್ಥೆಯಿಂದ ಈರುಳ್ಳಿ ಬೆಲೆಯವರೆಗೆ ಎಲ್ಲವೂ ಬರುತ್ತದೆ, ಥಾಂಪ್ಸನ್ ಬಿಟ್ಟು. ಖಚಿತವಾದ ಒಂದು ಜೋಡಿ ಕೊಡಿ. 1918ರಲ್ಲಿ ದಕ್ಷಿಣ ಭಾರತದಲ್ಲಿ ನಡೆದ ಧಾನ್ಯದ ದಂಗೆಗಳ ಬಗ್ಗೆ ಡೇವಿಡ್ ಅರ್ನಾಲ್ಡ್ 1979ರಲ್ಲಿ 'ಪಾಸ್ಟ್ ಅಂಡ್ ಪ್ರೆಸೆಂಟ್'ನಲ್ಲೇ ಬರೆದಿದ್ದಾರೆ. ಅದರಿಂದ ಒಂದೆರಡು ಪುಟ ಪ್ರತಿ ಮಾಡಿ ತರಗತಿಯಲ್ಲೇ ಹಂಚಿ, ಹತ್ತು ನಿಮಿಷ ಓದಲು ಬಿಟ್ಟು ಕೇಳಿ: ಇಲ್ಲಿನ ಗುಂಪು ಯಾವ ಹಳೆಯ ಕಟ್ಟಳೆಯನ್ನು ನೆಚ್ಚಿಕೊಂಡಿದೆ? ಮದ್ರಾಸ್ ಸರ್ಕಾರ ಇಂಗ್ಲೆಂಡಿನ ಹಳ್ಳಿಯ ನ್ಯಾಯಾಧಿಕಾರಿಯಂತೆ ನಡೆದುಕೊಂಡಿತೇ? ಇಲ್ಲವಾದರೆ ಥಾಂಪ್ಸನ್ ಅವರ ವಾದದ ಯಾವ ಕಂಬ ಇಲ್ಲಿ ಇಲ್ಲ?

ಕೊಡುವ ಮೊದಲು, ಕೊಟ್ಟ ನಂತರ

ಮಾರ್ಗದರ್ಶಿಯನ್ನು ಲೇಖನ ಓದದ ಸಹೋದ್ಯೋಗಿಯೊಬ್ಬರ ಕೈಗೆ ಕೊಟ್ಟು ನೋಡಿ. ಅವರು ಬರೀ ಮಾರ್ಗದರ್ಶಿ ಓದಿ "ಓಹೋ, ಲೇಖನ ಹೇಳುವುದು ಇಂತಿಂಥದ್ದು" ಎಂದು ಸರಿಯಾಗಿ ಹೇಳಿಬಿಟ್ಟರೆ ನೀವು ಬರೆದದ್ದು ಸಾರಾಂಶ. ಪ್ರಶ್ನೆಗಳೊಳಗೆ ಉತ್ತರ ಸೇರಿಕೊಂಡಿದೆ ಎಂದರ್ಥ. ಆ ವಾಕ್ಯಗಳನ್ನು ಹುಡುಕಿ ತೆಗೆಯಿರಿ. ಉದ್ದ ಎರಡು ಪುಟ ಮೀರಿದರೆ ಮೊದಲು ಹಿನ್ನೆಲೆಯನ್ನು ಕತ್ತರಿಸಿ, ಆಮೇಲೆ ಪ್ರಶ್ನೆಗಳನ್ನು, ಪುಟಸಂಖ್ಯೆಗಳನ್ನು ಎಂದಿಗೂ ಬೇಡ.

ತರಗತಿ ಮುಗಿದ ಸಂಜೆಯೇ ಪ್ರತಿ ಪ್ರಶ್ನೆಯ ಪಕ್ಕ ಏನಾಯಿತೆಂದು ಒಂದು ಪದ ಬರೆದಿಡಿ. ಎಲ್ಲರೂ ಒಂದೇ ಉತ್ತರ ತಂದಿದ್ದರೆ ಪ್ರಶ್ನೆ ಕಿರಿದಾಗಿತ್ತು. ಎಲ್ಲರೂ ಮೌನವಾಗಿದ್ದರೆ ಅದರಲ್ಲಿ ಎರಡು ಮೂರು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು, ಬಿಡಿಸಿ ಬರೆಯಿರಿ. ಪುಟ ತೆರೆಯದೆ ವಾದ ನಡೆದಿದ್ದರೆ ಪ್ರಶ್ನೆಯಲ್ಲಿ ಪುಟಸಂಖ್ಯೆ ಇತ್ತೇ ನೋಡಿ. ಇಬ್ಬರು ಒಂದೇ ವಾಕ್ಯಕ್ಕೆ ಬೆರಳಿಟ್ಟು ಎರಡು ಅರ್ಥ ಹೇಳಿದ್ದರೆ ಆ ಪ್ರಶ್ನೆಯ ಒಂದಕ್ಷರವನ್ನೂ ಮುಂದಿನ ವರ್ಷಕ್ಕೆ ಬದಲಿಸಬೇಡಿ.